ಇವರು ಇದನ್ನು ಯಾವಾಗ ಹೇಳಿದ್ದು?

ಈ ಜನವರಿಯ ಒಂದು ಭಾನುವಾರ ಸಂಜೆ, ಬದಲಾಪುರ ಪಶ್ಚಿಮದ ಒಂದು ಮನೆಯ ಹಾಲಿನಲ್ಲಿ ನಾವು ಭಜನಾ ಮಂಡಳಿಯ ಐದಾರು ಮಂದಿ ಲ್ಯಾಪ್‌ಟಾಪಿನ ಸುತ್ತ ಕೂತಿದ್ದೆವು. ಶಿವರಾತ್ರಿಗೆ ಹನ್ನೆರಡು ನಿಮಿಷದ ಒಂದು ವಿಡಿಯೊ ಮಾಡಬೇಕಿತ್ತು. ಎಡಿಟಿಂಗ್ ಕೆಲಸ ನನ್ನದು. ಆ ಮನೆಯ ಯಜಮಾನರು ನಮ್ಮ ಕಡೆಯವರ ಶನಿಪೂಜೆಗಳಲ್ಲಿ ಗ್ರಂಥ ಪಾರಾಯಣಕ್ಕೆ ಅರ್ಥ ಹೇಳುತ್ತಿದ್ದವರು. ಕಲ್ಯಾಣದಿಂದ ಕರ್ಜತ್ ದಾರಿಯವರೆಗೆ ಎಲ್ಲಿ ಪೂಜೆಯಿದ್ದರೂ ಕೊನೆಯ ಲೋಕಲ್ ಹಿಡಿದು ಮನೆಗೆ ಬರುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಬಿಲ್ವದ ಮರವೇರಿದ ಬೇಡನ ಕಥೆಯನ್ನು ಅವರು ಹೇಳಿದ ಒಂದು ಹಳೆಯ ಕ್ಯಾಸೆಟ್ ಮನೆಯಲ್ಲಿತ್ತು. ಅದೇ ನಮ್ಮ ವಿಡಿಯೊದ ಜೀವಾಳವಾಗಬೇಕಿತ್ತು.

ಆದರೆ ಕಥೆ ಮುಗಿಯುವ ಹೊತ್ತಿಗೆ ಟೇಪು ಸಿಕ್ಕಿಕೊಂಡು ಹಾಳಾಗಿತ್ತು. ಕೊನೆಯ ಎರಡು ನಿಮಿಷ ಇಲ್ಲ. ಮಂಡಳಿಯ ಒಬ್ಬ ಯುವಕ, ಒಳ್ಳೆಯ ಮನಸ್ಸಿನಿಂದಲೇ, ಕ್ಯಾಸೆಟ್ಟಿನ ಮೂರು ನಿಮಿಷದ ಮಾತನ್ನು ದನಿ ನಕಲು ಮಾಡುವ ಒಂದು ಸೇವೆಗೆ ಕೊಟ್ಟು, ಉಳಿದ ಕಥೆಯನ್ನು ಬರೆದು ಅವರದೇ ದನಿಯಲ್ಲಿ ಹೇಳಿಸಿದ್ದ. ಕೊನೆಗೆ ಒಂದು ಆಮಂತ್ರಣವನ್ನೂ ಸೇರಿಸಿದ್ದ: ಎಲ್ಲರೂ ಬನ್ನಿ, ಯಥಾಶಕ್ತಿ ಕಾಣಿಕೆ ಸಲ್ಲಿಸಿ, ಶಿವನ ಕೃಪೆಗೆ ಪಾತ್ರರಾಗಿ. ಕೇಳಿಸಿದ. ನನಗೆ ಮೈ ಜುಮ್ಮೆಂದಿತು. ಅದೇ ಗಡಸು, ಅದೇ ಎಳೆತ. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಕೂಡ ಹಿಂದಿನಿಂದ ಸಣ್ಣಗೆ ಬರುತ್ತಿತ್ತು, ಯಂತ್ರ ಅದನ್ನೂ ಕಲಿತುಕೊಂಡಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು: "ಇವರು ಇದನ್ನು ಯಾವಾಗ ಹೇಳಿದ್ದು?"

ಯಾರಿಗೂ ಉತ್ತರ ಬರಲಿಲ್ಲ. ಆಮೇಲೆ ಆ ಯುವಕನೇ ಮೆಲ್ಲಗೆ, "ಹೇಳಲಿಲ್ಲ ಅಮ್ಮ, ನಾನೇ ಮಾಡಿದ್ದು" ಅಂದ. ಅವರು ಬೈಯಲಿಲ್ಲ. "ದೇವರ ಹೆಸರಲ್ಲಿ ಹಣ ಕೇಳುವ ಮಾತು ಇವರು ಯಾವತ್ತೂ ಆಡಲಿಲ್ಲ" ಎಂದು ಹೇಳಿ ಒಳಗೆ ಹೋದರು.

ಈ ಲೇಖನ ಬರೆಯಲು ಕಾರಣ ಆ ಒಂದು ಪ್ರಶ್ನೆ. ಭಕ್ತಿಯ ವಿಡಿಯೊಗಳಲ್ಲಿ ಕೃತಕ ದನಿ, ಕೃತಕ ಚಿತ್ರ ಬಳಸಬಹುದೇ ಎಂಬ ಚರ್ಚೆ ಸಾಮಾನ್ಯವಾಗಿ ಯಂತ್ರ ಬೇಕೇ ಬೇಡವೇ ಎಂಬಲ್ಲೇ ಸಿಕ್ಕಿಕೊಳ್ಳುತ್ತದೆ. ಯಂತ್ರ ನಮ್ಮ ದೇವರಿಗೆ ಹೊಸದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಶುರುಮಾಡಿ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದರು. ಮುಂದೆ ಆ ಮುದ್ರಣಾಲಯ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ನಮ್ಮೂರಿನ ಮೇಲೆ ಹಾದು ಪುಣೆಗೆ ಹೋಗುವ ರೈಲುಹಳಿಯ ಪಕ್ಕಕ್ಕೇ. ಆ ಪಟಗಳಿಗೆ ನಮ್ಮ ಅಜ್ಜಿಯರು ಕುಂಕುಮ ಇಟ್ಟರು. ಲಕ್ಷ್ಮಿಯೇ ಎದುರು ನಿಂತು ಪಟ ಬರೆಸಿಕೊಂಡಳು ಎಂದು ಒಬ್ಬ ಅಜ್ಜಿಯೂ ನಂಬಿರಲಿಲ್ಲ. ಪಟ ಧ್ಯಾನಕ್ಕೆ ಸಹಾಯ, ಅಷ್ಟೇ. ಅದು ಯಾವುದಕ್ಕೂ ಸಾಕ್ಷಿ ಹೇಳುತ್ತಿರಲಿಲ್ಲ.

ಅದೇ ರವಿವರ್ಮ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ದಾದಾಸಾಹೇಬ ಫಾಲ್ಕೆ 1919ರಲ್ಲಿ 'ಕಾಲಿಯಾ ಮರ್ದನ' ಎಂಬ ಮೂಕಿ ಚಿತ್ರ ಮಾಡಿದರು. ಬಾಲಕೃಷ್ಣನ ಪಾತ್ರ ಅವರ ಪುಟ್ಟ ಮಗಳು ಮಂದಾಕಿನಿಯದು. ನನಗೆ ಬಹಳ ಮುಖ್ಯವೆನಿಸುವುದು ಆ ಚಿತ್ರದ ಆರಂಭ. ಮೊದಲು ಮಂದಾಕಿನಿ ಮಂದಾಕಿನಿಯಾಗಿಯೇ ತೆರೆಯ ಮೇಲೆ ಬರುತ್ತಾಳೆ. ಕ್ಯಾಮೆರಾ ನೋಡಿ ನಗುತ್ತಾಳೆ, ಅಳುತ್ತಾಳೆ, ಸಿಟ್ಟು ತೋರಿಸುತ್ತಾಳೆ. ಆಮೇಲೆ ಅವಳ ಮುಖ ಕರಗಿ ಕೃಷ್ಣನ ವೇಷ ಮೂಡುತ್ತದೆ. ಇವಳು ನನ್ನ ಮಗಳು, ಇನ್ನು ಮುಂದೆ ಇವಳನ್ನು ಕೃಷ್ಣ ಎಂದು ಕಾಣಿ ಎಂದು ಫಾಲ್ಕೆ ಮೊದಲೇ ತಿಳಿಸಿಬಿಟ್ಟ ಹಾಗಾಯಿತು. ಇದರಿಂದ ಭಕ್ತಿಗೆ ಏನೂ ಕುಂದಾಗಲಿಲ್ಲ. ನಮ್ಮ ತಾಳಮದ್ದಳೆಯಲ್ಲೂ ಅಷ್ಟೆ. ಹೆಗಲಿಗೆ ಶಾಲು ಹೊದ್ದ ಮನುಷ್ಯ "ನಾನು ಶ್ರೀರಾಮ" ಎಂದು ಅರ್ಥ ಹೇಳುತ್ತಾನೆ, ಅವನು ಯಾರೆಂದು ಸಭೆಗೆ ಗೊತ್ತಿರುತ್ತದೆ, ಆದರೂ ಕಣ್ಣು ತೇವವಾಗುತ್ತದೆ.

ಹಾಗಾದರೆ ಅಂದು ಸಂಜೆ ನಮ್ಮನ್ನು ಕಾಡಿದ್ದು ಯಾವುದು? ಅಮ್ಮ ಆ ದನಿಯನ್ನು ಪಾತ್ರವೆಂದು ಕೇಳಲಿಲ್ಲ, ಗಂಡನ ಮಾತೆಂದು ಕೇಳಿದರು. ನಾನು ಗೆರೆ ಎಳೆಯುವುದು ಅಲ್ಲಿ. ನೋಡುವವರು ಯಾವುದನ್ನು ಕಲ್ಪನೆಯೆಂದು ಸ್ವೀಕರಿಸುತ್ತಾರೋ ಅದು ಕೈಯಿಂದಾದರೂ ಬರಲಿ, ಯಂತ್ರದಿಂದಾದರೂ ಬರಲಿ. ಯಾವುದನ್ನು 'ಇದು ನಡೆದದ್ದು, ಇದು ಇರುವುದು, ಇವರು ಆಡಿದ್ದು' ಎಂದು ನಂಬುತ್ತಾರೋ ಅದನ್ನು ತಯಾರಿಸಿ ಕೊಡಬಾರದು. ಕೈಲಾಸದ ಚಿತ್ರ ಮೊದಲನೆಯ ಜಾತಿ. ಒಬ್ಬ ಸ್ವಾಮೀಜಿಯ ಪ್ರವಚನ, ಒಂದು ದೇವಸ್ಥಾನದ ಗೋಪುರ, ವಿಗ್ರಹದಿಂದ ಹಾಲು ಸುರಿಯುವ ದೃಶ್ಯ ಎರಡನೆಯ ಜಾತಿ.

ಒಂದು ಉದಾಹರಣೆ ನೋಡಿ. ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದದ್ದು 1671ರಲ್ಲಿ. ಅವರ ಫೋಟೊ ಎಂಬುದು ಇಲ್ಲವೇ ಇಲ್ಲ, ಇರುವುದೆಲ್ಲ ಚಿತ್ರಕಾರರು ಧ್ಯಾನಿಸಿ ಬರೆದದ್ದು. ಹೊಸದೊಂದು ಚಿತ್ರ ಬಂದರೆ ಭಕ್ತರು ಅದನ್ನು ಚಿತ್ರವೆಂದೇ ನೋಡುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಮಾತು ಬೇರೆ. ಅವರು ಲಿಂಗೈಕ್ಯರಾದದ್ದು 2023ರ ಜನವರಿ 2ರಂದು, ಮೊನ್ನೆ ಮೊನ್ನೆ. ಅವರ ಪ್ರವಚನ ಕನ್ನಡದಲ್ಲೂ ಮರಾಠಿಯಲ್ಲೂ ಧ್ವನಿಮುದ್ರಣವಾಗಿ ಉಳಿದಿದೆ, ಗಡಿಯ ಎರಡೂ ಕಡೆ ಅವರ ದನಿ ಜನರ ಕಿವಿಯಲ್ಲಿದೆ. ತಮಗೆ ಸ್ಮಾರಕ ಬೇಡ ಎಂದು 2014ರಲ್ಲೇ ಬರೆದಿಟ್ಟು ಹೋದವರು ಅವರು. ಅಂಥವರ ದನಿಯಲ್ಲಿ ಅವರು ಹೇಳದ ಒಂದೇ ಒಂದು ವಾಕ್ಯವನ್ನು, ಎಷ್ಟೇ ಒಳ್ಳೆಯ ವಾಕ್ಯವಾಗಿರಲಿ, ಹೇಳಿಸುವುದು ಅಪಚಾರ. ಕೆಳಗೆ 'ಎ.ಐ. ದನಿ' ಎಂದು ಬರೆದರೂ ನನ್ನ ಮಟ್ಟಿಗೆ ಅದು ಅಪಚಾರವೇ. ಕೆಲವು ತಪ್ಪುಗಳನ್ನು ಸೂಚನೆ ಹಾಕಿ ಸರಿಪಡಿಸಲು ಬರುವುದಿಲ್ಲ.

ಬದುಕಿರುವವರ ದನಿಗೆ ಈಗ ಕಾನೂನಿನ ರಕ್ಷಣೆ ಸಿಗುತ್ತಿದೆ. 2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ನಕಲು ಮಾಡುವುದಕ್ಕೆ ತಡೆ ಕೊಟ್ಟಿತು. 2025ರಲ್ಲಿ ಆಶಾ ಭೋಸ್ಲೆಯವರಿಗೂ ಅದೇ ರಕ್ಷಣೆ ಕೊಟ್ಟಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಸದ್ಗುರು ಜಗ್ಗಿ ವಾಸುದೇವ್, ಶ್ರೀ ಶ್ರೀ ರವಿಶಂಕರ್ ಇಬ್ಬರ ನಕಲಿ ವಿಡಿಯೊಗಳ ವಿರುದ್ಧವೂ ಆದೇಶ ನೀಡಿತು. ಸತ್ತವರ ವಿಷಯದಲ್ಲಿ ಮಾತ್ರ ಕಾನೂನು ದೂರ ನಿಲ್ಲುತ್ತದೆ. ನಟ ಸುಶಾಂತ್ ಸಿಂಗ್ ರಜಪೂತ್ ತಂದೆಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಇಂಥ ಹಕ್ಕುಗಳು ಮನುಷ್ಯನ ಜೊತೆಗೇ ಮುಗಿಯುತ್ತವೆ ಎಂದಿತು. ನಮ್ಮ ಅರ್ಥಧಾರಿಗಳ ದನಿಯನ್ನು ಕಾಯಲು ಕೋರ್ಟು ಬರುವುದಿಲ್ಲ ಎಂದಾಯಿತು. ಕಾಯಬೇಕಾದವರು ಆ ಮನೆಯವರು ಮತ್ತು ನಾವು.

ನಕಲು ದನಿಯ ಫೈಲನ್ನು ಅಳಿಸಿದೆವು. ಆ ಸೇವೆಯಲ್ಲಿ ಉಳಿದಿದ್ದ ದನಿಯ ಮಾದರಿಯನ್ನೂ ಅಳಿಸಿಸಿದೆವು. ಫೈಲು ಅಳಿಸಿದರೆ ಸಾಲದು, ಮಾದರಿ ಅಲ್ಲಿ ಇದ್ದರೆ ನಾಳೆ ಯಾರು ಬೇಕಾದರೂ ಅದರಿಂದ ಏನು ಬೇಕಾದರೂ ಹೇಳಿಸಬಹುದು. ಕಥೆ ಎಲ್ಲಿ ತುಂಡಾಗಿತ್ತೋ ಅಲ್ಲಿ ತುಂಡಾಗಲು ಬಿಟ್ಟು, "ಇಲ್ಲಿಗೆ ಅಜ್ಜನ ಕ್ಯಾಸೆಟ್ ಮುಗಿಯಿತು, ಮುಂದಿನ ಕಥೆ ನಾನು ಓದುತ್ತೇನೆ" ಎಂದು ಅವರ ಮೊಮ್ಮಗಳಿಂದ ಹೇಳಿಸಿದೆವು. ಅವಳು ಓದುವುದು ಬದಲಾಪುರದ ಇಂಗ್ಲಿಷ್ ಶಾಲೆಯಲ್ಲಿ, ಆಟ ಮರಾಠಿಯಲ್ಲಿ, ಕನ್ನಡ ಮನೆಯಲ್ಲಿ ಮಾತ್ರ. 'ಬಿಲ್ವಪತ್ರೆ' ಸರಿಯಾಗಿ ಬರಲು ಎಂಟು ಸಲ ಓದಬೇಕಾಯಿತು.

ಇನ್ನು ಹಳೆಯ ಕ್ಯಾಸೆಟ್ಟಿನ ಸದ್ದು ತೊಳೆಯುವ ಕೆಲಸ. ಇದನ್ನು ಕೃತಕ ಎನ್ನಬೇಕೇ? ಕ್ಯಾಸೆಟ್ಟಿನಲ್ಲಿ ಎರಡು ಬಗೆಯ ಸದ್ದು ಇರುತ್ತದೆ. ಒಂದು ಕರೆಂಟಿನ ಗುಂಯ್‌ಗುಡುವಿಕೆ, 50 ಹರ್ಟ್ಸ್ ಆಸುಪಾಸಿನದು, ಅದನ್ನು ತೆಗೆದರೆ ಮಾತಿಗೆ ಏನೂ ಆಗುವುದಿಲ್ಲ. ಇನ್ನೊಂದು ಟೇಪಿನ ಸುಯ್ ಸದ್ದು. ಇದನ್ನು ತೀರಾ ಒತ್ತಿ ತೆಗೆದರೆ ಸ, ಶ, ಷಗಳೂ ಅದರ ಜೊತೆ ಹೋಗುತ್ತವೆ, 'ಶಿವ' ಎಂಬುದು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಇಷ್ಟರವರೆಗೆ ಇದು ತೊಳೆಯುವುದೇ. ಆದರೆ ಈಗಿನ ಕೆಲವು ಸಾಧನಗಳು ತೊಳೆಯುವುದಿಲ್ಲ, ಮಾತನ್ನು ಮತ್ತೆ ಕಟ್ಟುತ್ತವೆ. ಸ್ಪಷ್ಟವಿಲ್ಲದ ಕಡೆ ತಮಗೆ ತೋಚಿದ ಅಕ್ಷರ ಕೂರಿಸುತ್ತವೆ. ನಾವು ಹಿಡಿದದ್ದು ಹೀಗೆ: ಮೂಲವನ್ನು ಒಂದು ಕಿವಿಗೆ, ತೊಳೆದದ್ದನ್ನು ಇನ್ನೊಂದು ಕಿವಿಗೆ ಕೊಟ್ಟು ನಿಧಾನವಾಗಿ ಕೇಳಿದೆವು. ಮೂಲದಲ್ಲಿ ಬರೀ ಗೊಗ್ಗರು ಸದ್ದಿದ್ದ ಒಂದು ಜಾಗದಲ್ಲಿ ತೊಳೆದದ್ದರಲ್ಲಿ ನಯವಾದ ಒಂದು ಪದ ಕುಳಿತಿತ್ತು. ಅದು ಅವರದಲ್ಲ. ಆ ಸಾಧನವನ್ನು ಬಿಟ್ಟು ಹಳೆಯ ಕ್ರಮದಲ್ಲಿ ಸ್ವಲ್ಪವೇ ತೊಳೆದೆವು. ನಡುವೆ ಅವರು ಕೆಮ್ಮಿದ್ದು ಹಾಗೆಯೇ ಇದೆ.

ಚಿತ್ರದ ವಿಷಯದಲ್ಲಿ ನಮಗೆ ಪಾಠವಾದದ್ದು ಅಂಬರನಾಥ. ನಮ್ಮಿಂದ ಮುಂಬಯಿ ಕಡೆಗೆ ಮೊದಲು ಸಿಗುವ ಊರು. ವಾಲಧುನಿ ಹೊಳೆಯ ದಂಡೆಯ ಆ ಶಿವಾಲಯ ಶಿಲಾಹಾರರ ಕಾಲದ್ದು, ಶಾಸನದಲ್ಲಿರುವುದು ಶಕ 982, ಅಂದರೆ 1060ನೇ ಇಸವಿ. ವಿಡಿಯೊ ಆರಂಭದಲ್ಲಿ ಅದನ್ನು ತೋರಿಸೋಣ ಎಂದುಕೊಂಡು ಒಬ್ಬರು ಯಂತ್ರದಿಂದ ಚಿತ್ರ ಮಾಡಿಸಿ ತಂದರು. ಮುಂಜಾವಿನ ಮಂಜು, ಮುಗಿಲು ಮುಟ್ಟುವ ಶಿಖರ, ತುದಿಯಲ್ಲಿ ಚಿನ್ನದ ಕಳಶ, ಮೇಲಕ್ಕೆ ಏರುವ ಮೆಟ್ಟಿಲು. ಬಹಳ ಚೆಂದವಿತ್ತು. ಆದರೆ ಅಂಬರನಾಥದ ಗರ್ಭಗುಡಿಯ ಮೇಲೆ ಪೂರ್ತಿ ಶಿಖರ ಇಲ್ಲ. ಅಲ್ಲಿ ಮೆಟ್ಟಿಲು ಏರುವುದಲ್ಲ, ಇಳಿಯುವುದು. ಮಂಟಪದಿಂದ ಸುಮಾರು ಇಪ್ಪತ್ತು ಮೆಟ್ಟಿಲು ಕೆಳಗಿಳಿದು ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಲಿಂಗದ ಮುಂದೆ ನಿಲ್ಲುತ್ತೇವೆ, ತಲೆಯೆತ್ತಿದರೆ ಆಕಾಶ. ಆ ಗುಡಿಯ ದೊಡ್ಡ ಅನುಭವವೇ ಅದು. ಯಂತ್ರ ಅದನ್ನೇ ಅಳಿಸಿಹಾಕಿತ್ತು. ಎಷ್ಟೋ ಗುಡಿಗಳ ಚಿತ್ರ ನೋಡಿ ಗುಡಿ ಎಂದರೆ ಹೀಗಿರಬೇಕು ಎಂದು ಕಲಿತ ಯಂತ್ರ, ಹಾಗಿಲ್ಲದ ಗುಡಿಯನ್ನೂ ಹಾಗೆಯೇ ಬರೆಯುತ್ತದೆ.

ಮುಂಬಯಿಗೆ ಬರಲಾಗದೆ ಊರಲ್ಲೇ ಕೂತು ನೋಡುವ ನಮ್ಮ ನೆಂಟರು ಅದನ್ನೇ ಅಂಬರನಾಥ ಎಂದುಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಇಬ್ಬರು ಲೋಕಲ್ ಹಿಡಿದು ಹೋಗಿ, ಹೊರಗೋಡೆಯ ಕರಿಕಲ್ಲಿನ ಶಿಲ್ಪಗಳನ್ನೂ ಮಂಟಪವನ್ನೂ ಫೋನಿನಲ್ಲಿ ತೆಗೆದುಕೊಂಡು ಬಂದೆವು. ಗರ್ಭಗುಡಿಯೊಳಗೆ ಫೋನ್ ಎತ್ತುವುದು ಬೇಡ ಎಂದು ನಾವೇ ತೀರ್ಮಾನಿಸಿದೆವು.

ಕೈಲಾಸದ ಎರಡು ಚಿತ್ರಗಳನ್ನು ಮಾತ್ರ ಯಂತ್ರದಿಂದಲೇ ಮಾಡಿಸಿದೆವು. ಕಲ್ಪನೆ ಎಂದಮೇಲೂ ಶಾಸ್ತ್ರ ಇದೆಯಲ್ಲ, ಅದಕ್ಕೆ ಮಂಡಳಿಯ ಭಟ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ವಿಭೂತಿ ಅಡ್ಡಗೆರೆ ಮೂರೇ ಇದೆಯೇ, ಚಂದ್ರಕಲೆ ಇದೆಯೇ, ಕೈಬೆರಳು ಐದೇ ಇದೆಯೇ ಎಂದು ನೋಡಿದರು. ಒಂದು ಚಿತ್ರ ಎಲ್ಲ ಸರಿಯಿತ್ತು, ತೆರೆಯ ಬಲಗಡೆ ಅಕ್ಷರ ಹಾಕಲು ಜಾಗ ಬೇಕೆಂದು ನಾನು ಅದನ್ನು ಎಡಬಲ ತಿರುಗಿಸಿದೆ. ಭಟ್ಟರು ಕೂಡಲೇ, "ತಿರುಗಿಸಬೇಡಿ ಮಾರಾಯ್ರೆ, ಜನಿವಾರ ಬಲಹೆಗಲಿಗೆ ಹೋಯಿತು, ಅದು ಪಿತೃಕಾರ್ಯಕ್ಕೆ" ಎಂದರು. ಪೂಜೆಯಲ್ಲಿ ಜನಿವಾರ ಎಡಹೆಗಲ ಮೇಲೆ ಇರಬೇಕು. ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು ಎಡಿಟಿಂಗಿನಲ್ಲಿ ಒಂದು ಬಟನ್ ಒತ್ತುವಷ್ಟೇ ಕೆಲಸ. ನಾನು ಇದುವರೆಗೆ ಎಷ್ಟು ವಿಡಿಯೊಗಳಲ್ಲಿ ಹಾಗೆ ಮಾಡಿದ್ದೆನೋ ಎಂದು ನೆನೆದು ಕಸಿವಿಸಿಯಾಯಿತು. ದಾಸರ ಚಿತ್ರ ಮಾಡಿಸುವವರು ತಂಬೂರಿಯನ್ನೂ ನೋಡಬೇಕು. ತಂಬೂರಿಗೆ ಮೆಟ್ಟಿಲುಗಳಿಲ್ಲ, ಯಂತ್ರ ಅದಕ್ಕೆ ವೀಣೆಯ ಮೆಟ್ಟಿಲು ಕೂರಿಸಿಬಿಡುತ್ತದೆ.

ಮಂತ್ರಕ್ಕೆ ಕೃತಕ ದನಿ ಬೇಡ ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ರುದ್ರದ ನಮಕಕ್ಕೆ ಉದಾತ್ತ, ಅನುದಾತ್ತ, ಸ್ವರಿತಗಳಿವೆ. ಅಕ್ಷರದ ಮೇಲೆ ಕೆಳಗೆ ಗೆರೆ ಹಾಕಿ ಕೊಟ್ಟರೂ ಓದುವ ಯಂತ್ರ ಅದನ್ನು ಬಿಟ್ಟು ಸಪಾಟಾಗಿ ಓದಿತು. 'ಬ್ರಹ್ಮ'ವನ್ನು ನಾವು ಮ ಮುಂದೆ ಬಂದಂತೆ ಉಚ್ಚರಿಸುತ್ತೇವೆ, ಅದು ಹ್ ಮ ಎಂದು ಒಡೆದು ಹೇಳಿತು. 'ಇಂದ್ರಶತ್ರು' ಎಂಬ ಪದದ ಸ್ವರ ತಪ್ಪಿ ಯಜ್ಞವೇ ತಿರುಗುಮುರುಗಾದ ಕಥೆ ಓದಿ ಬೆಳೆದವರಿಗೆ ಇಷ್ಟೇ ಸಾಕು.

ಒಂದೇ ಒಂದು ಕಡೆ ಕೃತಕ ದನಿ ಬಳಸಿದೆವು. ನಮ್ಮ ನೆರೆಹೊರೆಯವರಿಗಾಗಿ ಮರಾಠಿಯಲ್ಲಿ ನಲವತ್ತು ಸೆಕೆಂಡಿನ ಪರಿಚಯ ಬೇಕಿತ್ತು, ಅಚ್ಚ ಮರಾಠಿ ಉಚ್ಚಾರದವರು ಆ ವಾರ ಸಿಗಲಿಲ್ಲ. ಅದು ಬರೀ ಮಾಹಿತಿ, ಯಾರ ದನಿಯ ನಕಲೂ ಅಲ್ಲ. ಸಿದ್ಧ ದನಿಯೊಂದನ್ನು ಆರಿಸಿ ಓದಿಸಿದೆವು.

ಈಗ ಇದನ್ನೆಲ್ಲ ನೋಡುವವರಿಗೆ ಹೇಳುವುದು ಹೇಗೆ? ಯೂಟ್ಯೂಬ್ 2024ರ ಮಾರ್ಚಿನಿಂದ ವಿಡಿಯೊ ಏರಿಸುವವರನ್ನು ಕೇಳುತ್ತದೆ: ನಿಜವಾದ ವ್ಯಕ್ತಿ ಆಡದ ಮಾತನ್ನು ಆಡಿದಂತೆ, ನಿಜವಾದ ಜಾಗ ಅಥವಾ ಘಟನೆ ಬದಲಾದಂತೆ, ನಡೆಯದ ದೃಶ್ಯ ನಿಜದಂತೆ ಕಾಣಿಸಿದ್ದೀರಾ? ಹೌದೆಂದರೆ ವಿಡಿಯೊ ವಿವರಣೆಯಲ್ಲಿ `Altered or synthetic content` ಎಂಬ ಸೂಚನೆ ಬರುತ್ತದೆ. ಆ ಶಿಖರದ ಅಂಬರನಾಥವನ್ನು ಹಾಕಿದ್ದರೆ ನಾವು ಹೌದು ಎನ್ನಲೇಬೇಕಿತ್ತು. ಕೈಲಾಸದಂಥ ಸ್ಪಷ್ಟ ಕಲ್ಪನೆಗೆ ಆ ನಿಯಮ ಒತ್ತಾಯಿಸುವುದಿಲ್ಲ. ನಮ್ಮ ಶಿವರಾತ್ರಿ ಕಳೆದು ಐದು ದಿನಕ್ಕೆ, ಅಂದರೆ 2026ರ ಫೆಬ್ರುವರಿ 20ರಿಂದ, ಕೇಂದ್ರದ ಐಟಿ ನಿಯಮದ ತಿದ್ದುಪಡಿಯೂ ಜಾರಿಗೆ ಬಂದಿದೆ. ನಿಜದಂತೆ ಕಾಣುವ ಕೃತಕ ದೃಶ್ಯಕ್ಕೆ ಎದ್ದು ಕಾಣುವ ಗುರುತು ಇರಬೇಕು, ಬರೀ ದನಿಯಾದರೆ ಮಾತು ಶುರುವಾಗುವ ಮೊದಲೇ ಕಿವಿಗೆ ಕೇಳುವಂತೆ ಹೇಳಬೇಕು ಎನ್ನುತ್ತದೆ ಅದು.

ನಿಯಮ ಪಾಲಿಸಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ನಮ್ಮ ಜನ ವಿಡಿಯೊ ನೋಡುವುದು ವಾಟ್ಸ್ಆ್ಯಪಿನಲ್ಲಿ. ಯಾರೋ ಡೌನ್‌ಲೋಡ್ ಮಾಡಿ ಕುಟುಂಬದ ಗ್ರೂಪಿಗೆ ಹಾಕುತ್ತಾರೆ, ಅಲ್ಲಿಂದ ಉಡುಪಿಗೆ, ದುಬೈಗೆ ಹೋಗುತ್ತದೆ. ಆ ಪಯಣದಲ್ಲಿ ಯೂಟ್ಯೂಬಿನ ವಿವರಣೆ, ಸೂಚನೆ, ಫೈಲಿನೊಳಗಿನ ಗುಪ್ತ ಮಾಹಿತಿ ಯಾವುದೂ ಜೊತೆಗೆ ಬರುವುದಿಲ್ಲ. ಉಳಿಯುವುದು ಚಿತ್ರದ ಮೇಲೆ ಅಚ್ಚಾದದ್ದು ಮತ್ತು ಕಿವಿಗೆ ಕೇಳಿಸಿದ್ದು ಮಾತ್ರ. ಅದಕ್ಕೇ ಸೂಚನೆಯನ್ನು ಚಿತ್ರದಲ್ಲೇ ಬೆರೆಸಿದೆವು. ದೇವರ ಹಾಡು ಹಾಕಿಕೊಂಡು ಅಡುಗೆ ಮಾಡುವವರು ತೆರೆ ನೋಡುವುದಿಲ್ಲವಾದ್ದರಿಂದ ಮೊಮ್ಮಗಳ ಬಾಯಲ್ಲೂ ಹೇಳಿಸಿದೆವು.

ಪದಗಳ ಬಗ್ಗೆ ಒಂದು ಸಂಜೆ ಪೂರ್ತಿ ಮಾತಾಡಿದೆವು. 'ಈ ವಿಡಿಯೊದಲ್ಲಿ ಎ.ಐ. ಬಳಸಲಾಗಿದೆ' ಎಂದು ಒಂದು ಸಾಲು ಹಾಕಿದರೆ ಸಾಕಲ್ಲವೇ ಎಂದರು ಕೆಲವರು. ಅದು ಸುಳ್ಳಲ್ಲ. ಆದರೆ ಅದನ್ನು ಓದಿದವರು ಅಜ್ಜನ ನಿಜವಾದ ದನಿಯನ್ನೂ ಅನುಮಾನಿಸುತ್ತಾರೆ, ಇಲ್ಲವೇ ಎಲ್ಲವನ್ನೂ ನಂಬಿಬಿಡುತ್ತಾರೆ. ಯಾವುದು ಯಾರದು ಎಂದು ಬಿಡಿಸಿ ಹೇಳಬೇಕು. ಕೊನೆಗೆ ಎಂಟು ಸೆಕೆಂಡಿನ ತೆರೆಯಲ್ಲಿ ಹೀಗೆ ಬರೆದೆವು, ಕೆಳಗೆ ಅದನ್ನೇ ಮರಾಠಿಯಲ್ಲೂ:

"ಕಥೆ ಹೇಳಿದ ದನಿ ಅಜ್ಜನ ಹಳೆಯ ಕ್ಯಾಸೆಟ್ಟಿನದು, ಅವರೇ ಆಡಿದ ಮಾತು. ಕೊನೆಯ ಭಾಗ ಅವರ ಮೊಮ್ಮಗಳು ಓದಿದ್ದು. ಮರಾಠಿ ಪರಿಚಯದ ದನಿ ಕಂಪ್ಯೂಟರಿನದು. ಕೈಲಾಸದ ಎರಡು ಚಿತ್ರ ಕಂಪ್ಯೂಟರ್ ಬರೆದದ್ದು. ಅಂಬರನಾಥ ದೇವಸ್ಥಾನದ ದೃಶ್ಯ ನಾವೇ ಹೋಗಿ ತೆಗೆದದ್ದು."

ಇದಲ್ಲದೆ ಕೈಲಾಸದ ಚಿತ್ರ ಬರುವಾಗೆಲ್ಲ ಮೂಲೆಯಲ್ಲಿ 'ಕಂಪ್ಯೂಟರ್ ಚಿತ್ರ' ಎಂದೂ, ಮರಾಠಿ ಮಾತಿನುದ್ದಕ್ಕೂ 'ಕಂಪ್ಯೂಟರ್ ದನಿ' ಎಂದೂ ಹಾಕಿದೆವು. 'ಎ.ಐ.' ಎಂದು ಬರೆಯಲಿಲ್ಲ. ಎಪ್ಪತ್ತು ದಾಟಿದ ನಮ್ಮ ಭಜನೆಯ ಅಕ್ಕಂದಿರಲ್ಲಿ ಇಬ್ಬರು ಅದನ್ನು ಯಾವುದೋ ಕಂಪನಿಯ ಹೆಸರೆಂದು ತಿಳಿದಿದ್ದರು.

ಫೆಬ್ರುವರಿ 15ರ ಶಿವರಾತ್ರಿಗೆ ವಿಡಿಯೊ ಹೋಯಿತು. ಅಮ್ಮ ಮೊದಲಿನಿಂದ ಕೊನೆಯವರೆಗೆ ನೋಡಿದರು. ಕೆಮ್ಮು ಬಂದಾಗ, "ಆ ದಿನ ಇವರಿಗೆ ಜ್ವರ ಇತ್ತು" ಎಂದರು.

ವಾರ ಕಳೆದ ಮೇಲೆ ಊರಿನಿಂದ ಒಬ್ಬರು ಅದೇ ವಿಡಿಯೊದ ತುಣುಕನ್ನು ನನಗೇ ಕಳಿಸಿದರು. ಯಾರೋ ಸ್ಟೇಟಸ್‌ಗೆ ಹಾಕಲು ಅದನ್ನು ಉದ್ದುದ್ದಕ್ಕೆ ಕತ್ತರಿಸಿದ್ದರು. ಕೈಲಾಸದ ಶಿವ ನಡುವೆ ಹಾಗೆಯೇ ಇದ್ದ, ಎಡ ಬಲದ ಅಂಚು ಹೋಗಿತ್ತು, ಅದರ ಜೊತೆ ಮೂಲೆಯ 'ಕಂಪ್ಯೂಟರ್ ಚಿತ್ರ'ವೂ ಹೋಗಿತ್ತು. ರಾಮನವಮಿಯ ವಿಡಿಯೊದಲ್ಲಿ ಆ ಅಕ್ಷರಗಳನ್ನು ಮೂಲೆಯಿಂದ ತೆಗೆದು, ತೆರೆಯ ನಡುವೆ, ಪಾದದ ಕೆಳಗೆ ಇಟ್ಟಿದ್ದೇವೆ.